ಸ್ಲೈಡ್‌ನ ಒಂದು ಬಾಣ, ಡಾಕ್ಯುಮೆಂಟ್‌ನ ಎರಡು ನಿರ್ಧಾರ

ಆರ್ಕಿಟೆಕ್ಚರ್ ಡೆಕ್ ಒಂದನ್ನು ಕೈಗಿಟ್ಟು "ಇದನ್ನೇ ಡಿಸೈನ್ ಡಾಕ್ಯುಮೆಂಟ್ ಮಾಡಿಬಿಡಿ" ಅಂದರೆ, ಸ್ಲೈಡಿಗೊಂದು ಸೆಕ್ಷನ್ ಅಂತ ಬರೆಯುತ್ತಾ ಹೋಗುವುದು ಸುಲಭ. ಬುಲೆಟ್‌ಗಳು ವಾಕ್ಯಗಳಾಗುತ್ತವೆ, ಚಿತ್ರಗಳು ಹಾಗೇ ಬಂದು ಕೂರುತ್ತವೆ. ಪುಟ ಜಾಸ್ತಿಯಾಗುತ್ತದೆ, ವಿಷಯ ಅಷ್ಟೇ ಇರುತ್ತದೆ. ಡೆಕ್ ಮಾಡಿದ್ದು ಮೀಟಿಂಗ್‌ನಲ್ಲಿ ಒಪ್ಪಿಗೆ ಪಡೆಯುವುದಕ್ಕೆ. ಡಾಕ್ಯುಮೆಂಟ್ ಓದುವವರು ಆಮೇಲೆ ಬಂದು ಆ ಕೋಡ್ ಮುಟ್ಟಬೇಕಾದವರು. ಏನಿದೆ ಅನ್ನುವುದು ಅವರಿಗೆ ಕೋಡ್‌ನಲ್ಲೇ ಕಾಣುತ್ತದೆ. ಯಾಕೆ ಹೀಗಿದೆ, ಬೇರೆ ದಾರಿ ಯಾಕೆ ಬಿಟ್ಟರು, ಇದಕ್ಕೆ ಏನು ತೆತ್ತರು ಅನ್ನುವುದು ಕಾಣುವುದಿಲ್ಲ. ಅದಕ್ಕೇ ನಾನು ಸ್ಲೈಡ್ ಹಿಡಿದು ಸೆಕ್ಷನ್ ಮಾಡುವುದಿಲ್ಲ, ನಿರ್ಧಾರ ಹಿಡಿದು ಮಾಡುತ್ತೇನೆ.

ಇತ್ತೀಚೆಗೆ ಮಾಡಿದ ಒಂದು ಡೆಕ್ ತೆಗೆದುಕೊಳ್ಳೋಣ. ಅದು ಆನ್‌ಲೈನ್ ಆರ್ಡರ್ ವ್ಯವಸ್ಥೆ. ಮುಖ್ಯ ಸ್ಲೈಡ್‌ನಲ್ಲಿ ಎಡಕ್ಕೆ ಆರ್ಡರ್ ಸರ್ವೀಸ್, ನಡುವೆ ಕಾಫ್ಕಾ, ಬಲಕ್ಕೆ ಸ್ಟಾಕ್, ನೋಟಿಫಿಕೇಶನ್, ಅಕೌಂಟಿಂಗ್ ಅಂತ ಮೂರು ಸರ್ವೀಸ್. ಆರ್ಡರ್‌ನಿಂದ ಕಾಫ್ಕಾಗೆ ಒಂದು ದಪ್ಪ ಬಾಣ, ಅಲ್ಲಿಂದ ಮೂರು ಸಣ್ಣ ಬಾಣ. ಬೇರೆ ಸ್ಲೈಡ್‌ಗಳಲ್ಲಿ "ಸ್ಟಾಕ್ ಯಾವಾಗಲೂ ನಿಖರ", "ಒಂದು ಈವೆಂಟೂ ಕಳೆದುಹೋಗಲ್ಲ", "ಹೈಲಿ ಅವೈಲಬಲ್, ಸ್ಕೇಲಬಲ್" ಅಂತೆಲ್ಲ ಇತ್ತು.

ಮೊದಲು ಡೆಕ್‌ನಲ್ಲಿರುವ ಪ್ರತಿ ಡಬ್ಬಿ, ಪ್ರತಿ ಬಾಣ, ಪ್ರತಿ ವಿಶೇಷಣವನ್ನು ಒಂದು ಶೀಟ್‌ನಲ್ಲಿ ಸಾಲಾಗಿ ಬರೆದೆ. ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿದೆ: ಇರುವುದು, ಆರಿಸಿದ್ದು, ಆಸೆ. ಡಬ್ಬಿಗಳು ಬಹುಪಾಲು "ಇರುವುದು". ಆ ಸರ್ವೀಸ್‌ಗಳು ಆಗಲೇ ಓಡುತ್ತಿದ್ದವು, ಅವುಗಳ ಬಗ್ಗೆ ವಾದ ಇಲ್ಲ. ವಿಶೇಷಣಗಳು ಬಹುಪಾಲು "ಆಸೆ". "ಆರಿಸಿದ್ದು" ಅನ್ನುವ ಗುರುತು ಬಿದ್ದಿದ್ದೆಲ್ಲ ಹೆಚ್ಚುಕಮ್ಮಿ ಬಾಣಗಳ ಮೇಲೆ. ನಾನು ನೋಡಿದ ಡೆಕ್‌ಗಳಲ್ಲೆಲ್ಲ ಹೀಗೇ ಇರುತ್ತದೆ. ಡಬ್ಬಿಗೆ ಹೆಸರಾದರೂ ಇರುತ್ತದೆ. ಬಾಣಕ್ಕೆ ಏನೂ ಇರುವುದಿಲ್ಲ, ಹಾಗಾಗಿ ಯಾರೂ ಅದರ ಬಗ್ಗೆ ಕೇಳುವುದಿಲ್ಲ.

ಪ್ರತಿ ಬಾಣಕ್ಕೂ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಈ ತುದಿಯವನು ಆ ತುದಿಯವನಿಗಾಗಿ ಕಾಯುತ್ತಾನಾ? ಆ ತುದಿ ಬಿದ್ದಿದ್ದರೆ ಏನಾಗುತ್ತದೆ? ಒಂದೇ ಸಂದೇಶ ಎರಡು ಸಲ ಬಂದರೆ? ಎರಡು ಸಂದೇಶ ಹಿಂದುಮುಂದಾದರೆ? ಉತ್ತರ ಹುಡುಕಲು ಮೊದಲು ಡೆಕ್‌ನ ಸ್ಪೀಕರ್ ನೋಟ್ಸ್, ಆಮೇಲೆ ಮೀಟಿಂಗ್‌ನ ರೆಕಾರ್ಡಿಂಗ್. ಕಾರಣಗಳೆಲ್ಲ ಬಾಯಿಮಾತಿನಲ್ಲಿ ಬಂದು ಹೋಗಿರುತ್ತವೆ. ಯಾರೋ ಕೇಳಿದ ಪ್ರಶ್ನೆಗೆ ಕೊಟ್ಟ ಎರಡು ವಾಕ್ಯದ ಉತ್ತರ ಎಷ್ಟೋ ಸಲ ಸ್ಲೈಡ್‌ಗಿಂತ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಸಿಗದ್ದನ್ನು ಮಾತ್ರ ಡೆಕ್ ಮಾಡಿದವರ ಹತ್ತಿರ ಕೇಳುತ್ತೇನೆ.

ಈ ಡೆಕ್‌ನ ದಪ್ಪ ಬಾಣ ಮೊದಲ ಪ್ರಶ್ನೆಯಲ್ಲೇ ಎಡವಿತು. ಆರ್ಡರ್ ಸರ್ವೀಸ್ ಯಾರಿಗಾಗಿಯೂ ಕಾಯುವುದಿಲ್ಲ, ಈವೆಂಟ್ ಹಾಕಿ ಗ್ರಾಹಕನಿಗೆ "ಆಯ್ತು" ಅನ್ನುತ್ತದೆ. ಸರಿ. ಆದರೆ ಒಂದು ವಸ್ತು ಒಂದೇ ಉಳಿದಿದೆ, ಇಬ್ಬರು ಒಟ್ಟಿಗೆ ಆರ್ಡರ್ ಮಾಡುತ್ತಾರೆ ಅಂದುಕೊಳ್ಳಿ. ಸ್ಟಾಕ್ ಸರ್ವೀಸ್‌ಗೆ ಸುದ್ದಿ ಮುಟ್ಟುವ ಮೊದಲೇ ಇಬ್ಬರಿಗೂ "ಆಯ್ತು" ಹೋಗಿರುತ್ತದೆ. ಹಾಗಾದರೆ "ಸ್ಟಾಕ್ ಯಾವಾಗಲೂ ನಿಖರ" ಅನ್ನುವ ಸ್ಲೈಡ್ ಏನಾಯ್ತು? ಎರಡು ಸ್ಲೈಡ್ ಒಂದಕ್ಕೊಂದು ವಿರುದ್ಧ ಮಾತಾಡುತ್ತಿದ್ದವು. ಬೇರೆ ಬೇರೆ ಹೊತ್ತಿನಲ್ಲಿ ತೋರಿಸಿದ್ದರಿಂದ ಯಾರಿಗೂ ಹೊಳೆದಿರಲಿಲ್ಲ.

ಆರ್ಕಿಟೆಕ್ಟ್ ಹತ್ತಿರ ಹೋಗಿ ಕೇಳಿದೆ: "ಎರಡರಲ್ಲಿ ಒಂದು ಬಿಡಬೇಕು ಅಂದ್ರೆ ಯಾವುದು ಬಿಡ್ತೀರಿ? ಸ್ಟಾಕ್ ಸರ್ವೀಸ್ ಬಿದ್ದಾಗ ಆರ್ಡರ್ ತಗೊಳ್ಳೋದಾ, ಇಲ್ಲ ಇಲ್ಲದ ವಸ್ತು ಮಾರದೇ ಇರೋದಾ?" ಅವರು ಸ್ವಲ್ಪ ಯೋಚಿಸಿ, "ಇಲ್ಲದ್ದನ್ನ ಮಾರಬಾರದು. ಆದ್ರೆ ನೋಟಿಫಿಕೇಶನ್ ಬಿದ್ದಿದೆ ಅಂತ ಆರ್ಡರ್ ನಿಲ್ಲಬಾರದು ಅಷ್ಟೇ" ಅಂದರು. ಅಲ್ಲಿಗೆ ಒಂದು ಬಾಣ ಎರಡಾಯಿತು. ಸ್ಟಾಕ್ ಕಾದಿರಿಸುವುದನ್ನು ನೇರವಾಗಿ ಕರೆದು, ಉತ್ತರಕ್ಕೆ ಕಾಯಬೇಕು. ಉಳಿದ ಎರಡು ಕಾಫ್ಕಾ ಮೂಲಕ.

ಬರೆಯುವ ಚೌಕಟ್ಟಿಗೆ ನಾನು ಮೈಕೆಲ್ ನೈಗಾರ್ಡ್ 2011ರಲ್ಲಿ ಮುಂದಿಟ್ಟ ಎಡಿಆರ್, ಅಂದರೆ ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್ ರೂಪವನ್ನೇ ಬಳಸುತ್ತೇನೆ: ಶೀರ್ಷಿಕೆ, ಸ್ಥಿತಿ, ಹಿನ್ನೆಲೆ, ನಿರ್ಧಾರ, ಪರಿಣಾಮ. ಬಿಟ್ಟ ದಾರಿಗಳಿಗೆ ಮತ್ತು "ಯಾವಾಗ ಮತ್ತೆ ನೋಡಬೇಕು" ಅನ್ನುವುದಕ್ಕೆ ಬೇರೆ ಜಾಗ ಸೇರಿಸುತ್ತೇನೆ. ಸ್ಟಾಕ್‌ನ ಸೆಕ್ಷನ್ ಹೀಗೆ ಬಂತು:

> ನಿರ್ಧಾರ: ಆರ್ಡರ್ ಒಪ್ಪುವ ಮೊದಲು ಸ್ಟಾಕ್ ಸರ್ವೀಸನ್ನು ನೇರವಾಗಿ ಕರೆದು ವಸ್ತು ಕಾದಿರಿಸುತ್ತೇವೆ.
> ಬಿಟ್ಟ ದಾರಿ 1: ಎಲ್ಲವೂ ಕಾಫ್ಕಾ ಮೂಲಕ. ಆರ್ಡರ್ ಪುಟ ಬೇಗ ಮುಗಿಯುತ್ತದೆ, ಸ್ಟಾಕ್ ಬಿದ್ದರೂ ವ್ಯಾಪಾರ ನಡೆಯುತ್ತದೆ. ಆದರೆ ಕೊನೆಯ ವಸ್ತು ಇಬ್ಬರಿಗೆ ಮಾರಾಟವಾಗಬಹುದು.
> ಬಿಟ್ಟ ದಾರಿ 2: ಮೂರೂ ಸರ್ವೀಸ್‌ಗಳಿಗೆ ನೇರ ಕರೆ. ಅರ್ಥ ಮಾಡಿಕೊಳ್ಳಲು, ಟೆಸ್ಟ್ ಮಾಡಲು ಇದೇ ಸುಲಭ. ಆದರೆ ಯಾವುದು ಬಿದ್ದರೂ ಆರ್ಡರ್ ನಿಲ್ಲುತ್ತದೆ.
> ತೆರುವ ಬೆಲೆ: ಸ್ಟಾಕ್ ಸರ್ವೀಸ್ ಬಿದ್ದಾಗ ಆರ್ಡರ್ ಇಲ್ಲ. ಹಣ ಕಟ್ಟದೆ ಬಿಟ್ಟು ಹೋದವರ ವಸ್ತು 10 ನಿಮಿಷ ಬೇರೆಯವರಿಗೆ ಸಿಗುವುದಿಲ್ಲ.

ಬಿಟ್ಟ ದಾರಿಗಳ ಒಳ್ಳೆಯ ಗುಣವನ್ನೂ ಬರೆದಿದ್ದೇನೆ ನೋಡಿ. ಬಿಟ್ಟ ದಾರಿಯಲ್ಲಿ ಒಂದೂ ಒಳ್ಳೆಯದಿಲ್ಲ ಅಂತಾದರೆ ಅದನ್ನು ಯಾರೂ ನಿಜವಾಗಿ ಯೋಚಿಸಿರಲಿಲ್ಲ ಅಂತ ಅರ್ಥ, ಸುಮ್ನೆ ಸೋಲಿಸುವುದಕ್ಕೆ ತಂದು ನಿಲ್ಲಿಸಿದ್ದು. ರಿವ್ಯೂ ಮಾಡುವಾಗ ನಾನು ಮೊದಲು ನೋಡುವುದು ಅದನ್ನೇ.

"ಹೈಲಿ ಅವೈಲಬಲ್" ಅನ್ನುವ ವಿಶೇಷಣಕ್ಕೂ ಇಲ್ಲೇ ಲೆಕ್ಕ ಸಿಕ್ಕಿತು. ಪ್ರತಿ ಸರ್ವೀಸ್ 99.9% ಹೊತ್ತು ಸರಿಯಾಗಿ ಓಡುತ್ತದೆ ಅಂದುಕೊಳ್ಳಿ. 30 ದಿನದ ತಿಂಗಳಲ್ಲಿ ಅಂದರೆ ಸುಮಾರು 43 ನಿಮಿಷ ಇರುವುದಿಲ್ಲ. ನಾಲ್ಕೂ ಸರ್ವೀಸ್ ನೇರ ಕರೆಯಲ್ಲಿ ಸೇರಿದರೆ, ಒಂದರ ತೊಂದರೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ, 99.6% ಆಗುತ್ತದೆ. ತಿಂಗಳಿಗೆ ಸುಮಾರು 173 ನಿಮಿಷ. ಆರ್ಡರ್ ಮತ್ತು ಸ್ಟಾಕ್ ಎರಡೇ ಆದರೆ 99.8%, ಸುಮಾರು 86 ನಿಮಿಷ. ಒಂದೂವರೆ ಗಂಟೆಯ ಹತ್ತಿರ ಆರ್ಡರ್ ನಿಂತರೂ ಪರವಾಗಿಲ್ಲ ಅಂತ ಯಾರೋ ಒಪ್ಪಬೇಕು. ವಿಶೇಷಣ ತೆಗೆದು ಆ ಸಂಖ್ಯೆ ಹಾಕಿದೆವು. "ಸ್ಕೇಲಬಲ್" ಅನ್ನುವುದಕ್ಕೆ ಯಾರ ಹತ್ತಿರವೂ ಸಂಖ್ಯೆ ಇರಲಿಲ್ಲ. ಅದು ನಿರ್ಧಾರದ ಸೆಕ್ಷನ್‌ಗೆ ಬರಲಿಲ್ಲ. "ಇನ್ನೂ ತೀರ್ಮಾನವಾಗದ್ದು" ಅನ್ನುವ ಪಟ್ಟಿಗೆ ಹೋಯಿತು, ಪಕ್ಕದಲ್ಲಿ ಉತ್ತರ ಕೊಡಬೇಕಾದವರ ಹೆಸರು ಮತ್ತು ಗಡುವು.

ಎರಡನೇ ಬಾಣ ಇನ್ನೂ ಮಜವಾಗಿತ್ತು. "ಒಂದು ಈವೆಂಟೂ ಕಳೆದುಹೋಗಲ್ಲ" ಅಂತ ಸ್ಲೈಡ್ ಹೇಳುತ್ತದೆ. ಹೇಗೆ? ಆರ್ಡರ್ ಸರ್ವೀಸ್ ಮೊದಲು ಡೇಟಾಬೇಸ್‌ಗೆ ಬರೆದು, ಆಮೇಲೆ ಕಾಫ್ಕಾಗೆ ಕಳಿಸುತ್ತದೆ ಅಂದುಕೊಂಡಿದ್ದರು. ಎರಡರ ನಡುವೆ ಸರ್ವೀಸ್ ಸತ್ತರೆ ಆರ್ಡರ್ ಇರುತ್ತದೆ, ಈವೆಂಟ್ ಇರುವುದಿಲ್ಲ. ಮೊದಲು ಕಾಫ್ಕಾಗೆ ಕಳಿಸಿದರೆ ಇದೇ ತೊಂದರೆ ಉಲ್ಟಾ: ಇಲ್ಲದ ಆರ್ಡರ್‌ಗೆ ಈವೆಂಟ್. ಇದಕ್ಕೆ ಎಲ್ಲರಿಗೂ ಗೊತ್ತಿರುವ ಮದ್ದು ಔಟ್‌ಬಾಕ್ಸ್. ಆರ್ಡರ್ ಮತ್ತು ಈವೆಂಟ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯುವುದು:

```sql
BEGIN;
INSERT INTO orders (order_id, status)
  VALUES (501, 'PLACED');
INSERT INTO outbox (event_id, order_id, type)
  VALUES (gen_random_uuid(), 501, 'OrderPlaced');
COMMIT;
```

ಬೇರೊಂದು ಸಣ್ಣ ಪ್ರೋಗ್ರಾಮ್ ಸೆಕೆಂಡಿಗೊಮ್ಮೆ `outbox` ನೋಡಿ, ಕಳಿಸದ ಸಾಲುಗಳನ್ನು ಕಾಫ್ಕಾಗೆ ಕಳಿಸಿ `sent_at` ಕಾಲಂನಲ್ಲಿ ಗುರುತು ಹಾಕುತ್ತದೆ. ಡೇಟಾಬೇಸ್‌ನ ಲಾಗನ್ನೇ ಓದಿ ಕಳಿಸುವ ಡೆಬೀಜಿಯಂ ಥರದ ಸಾಧನ ಇನ್ನೊಂದು ದಾರಿ. ಅದರಲ್ಲಿ ತಡ ಕಡಿಮೆ, ಟೇಬಲನ್ನು ಮತ್ತೆ ಮತ್ತೆ ಕೇಳುವ ಹೊರೆಯೂ ಇಲ್ಲ. ಆದರೆ ಅದನ್ನು ಓಡಿಸಿ ನೋಡಿಕೊಳ್ಳುವವರು ತಂಡದಲ್ಲಿ ಇರಲಿಲ್ಲ. ಈ ಕಾರಣವನ್ನು ನಾಚಿಕೆಯಿಲ್ಲದೆ ಹಾಗೇ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. "ತಾಂತ್ರಿಕ ಸಂಕೀರ್ಣತೆಯಿಂದಾಗಿ" ಅಂತ ಮುಚ್ಚಿ ಬರೆದರೆ, ನಾಳೆ ಅದನ್ನು ಬಲ್ಲವರು ತಂಡಕ್ಕೆ ಬಂದಾಗ ಈ ನಿರ್ಧಾರ ಬದಲಾಯಿಸಬಹುದು ಅಂತ ಯಾರಿಗೂ ತಿಳಿಯುವುದಿಲ್ಲ.

ತೆರುವ ಬೆಲೆಯ ಕೆಳಗೆ ಮೂರು ಸಂಗತಿ ಬರೆದೆ. ಈವೆಂಟ್ ಸುಮಾರು ಒಂದು ಸೆಕೆಂಡ್ ತಡವಾಗಬಹುದು. ಹಾಗಾಗಿ "ರಿಯಲ್ ಟೈಮ್" ಅನ್ನುವ ಮಾತು ಹೋಯಿತು. ಕಳಿಸಿದ ಮೇಲೆ ಗುರುತು ಹಾಕುವ ಮೊದಲು ಪ್ರೋಗ್ರಾಮ್ ಸತ್ತರೆ ಅದೇ ಈವೆಂಟ್ ಮತ್ತೆ ಹೋಗುತ್ತದೆ. ಆದ್ದರಿಂದ ಪಡೆಯುವವರು `event_id` ನೆನಪಿಟ್ಟುಕೊಂಡು ಎರಡನೆಯದನ್ನು ಬಿಡಬೇಕು. ಇಲ್ಲದಿದ್ದರೆ ಅಕೌಂಟಿಂಗ್‌ನಲ್ಲಿ ಒಂದೇ ಆರ್ಡರ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇನ್ನು ಕಾಫ್ಕಾ ಕ್ರಮ ಕಾಯುವುದು ಒಂದು ಪಾರ್ಟಿಷನ್ ಒಳಗೆ ಮಾತ್ರ. `order_id` ಅನ್ನು ಕೀ ಮಾಡಿದ್ದರಿಂದ ಒಂದು ಆರ್ಡರ್‌ನ ಈವೆಂಟ್‌ಗಳು ಒಂದೇ ಪಾರ್ಟಿಷನ್‌ಗೆ ಸಾಲಾಗಿ ಹೋಗುತ್ತವೆ. ಎರಡು ಬೇರೆ ಆರ್ಡರ್‌ಗಳ ನಡುವೆ ಕ್ರಮದ ಭರವಸೆ ಇಲ್ಲ. ಅದನ್ನು ನಂಬಿ ಯಾರೂ ವರದಿ ಬರೆಯಬಾರದು ಅಂತ ಸ್ಪಷ್ಟವಾಗಿ ಹೇಳಿದೆ.

ಹೀಗೆ ಬೆಲೆಯನ್ನು ಬಿಡಿಸಿ ಬರೆದಾಗ ಸಿಗುವ ಲಾಭ ಏನೆಂದರೆ, ರಿವ್ಯೂ ಮಾಡುವವರಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಸ್ಲೈಡ್ ನೋಡಿ ತಲೆಯಾಡಿಸಿದ್ದ ಡೇಟಾಬೇಸ್ ಎಂಜಿನಿಯರ್ ಈ ಸೆಕ್ಷನ್ ಓದಿ ಎರಡು ಮಾತು ಬರೆದರು. ಮೊದಲನೆಯದು: ಕಳಿಸದ ಸಾಲು ಹುಡುಕಲು "ಕೊನೆಗೆ ಕಳಿಸಿದ ಸಂಖ್ಯೆಗಿಂತ ದೊಡ್ಡದು" ಅಂತ ಕೇಳಬೇಡಿ. ಸಾಲಿನ ಕ್ರಮಸಂಖ್ಯೆ ಸಿಗುವುದು ಬರೆಯುವಾಗ, ಕಾಣುವುದು ಕಮಿಟ್ ಆದ ಮೇಲೆ. 100 ಪಡೆದ ಟ್ರಾನ್ಸಾಕ್ಷನ್ ನಿಧಾನವಾಗಿ, 101 ಪಡೆದದ್ದು ಬೇಗ ಮುಗಿದರೆ, ಪ್ರೋಗ್ರಾಮ್ 101 ದಾಟಿ ಮುಂದೆ ಹೋಗಿರುತ್ತದೆ, 100 ಎಂದಿಗೂ ಹೋಗುವುದಿಲ್ಲ. ಅದಕ್ಕೆ `sent_at IS NULL` ಅಂತಲೇ ಹುಡುಕಬೇಕು. ಎರಡನೆಯದು: ಈ ಟೇಬಲನ್ನು ಖಾಲಿ ಮಾಡುವುದು ಯಾರು? ಕಳಿಸಿದ ಸಾಲುಗಳನ್ನು 7 ದಿನ ಇಟ್ಟು ಅಳಿಸುತ್ತೇವೆ, ಆ ಕೆಲಸ ಆರ್ಡರ್ ತಂಡದ್ದು ಅಂತ ಬೆಲೆಯ ಪಟ್ಟಿಗೆ ನಾಲ್ಕನೇ ಸಾಲು ಸೇರಿತು, ಸ್ಥಿತಿ "ಪ್ರಸ್ತಾಪ"ದಿಂದ "ಒಪ್ಪಿಗೆ"ಗೆ ಹೋಯಿತು.