ಅಮೆರಿಕಕ್ಕೆ ಹೊರಟ ಕೊಡಗಿನವರಿಗೆ: ಬಿಲ್ ಕಟ್ಟುವ ದಿನ ಬೇರೆ, ಲೆಕ್ಕ ಹೋಗುವ ದಿನ ಬೇರೆ

ಈ ಸಲ ರಜೆಗೆ ಸೋಮವಾರಪೇಟೆಗೆ ಬಂದಾಗ ಚಿಕ್ಕಪ್ಪನ ಮಗ ಅಮೆರಿಕಕ್ಕೆ ಹೊರಡುವ ತಯಾರಿಯಲ್ಲಿದ್ದ. ಜಗಲಿಯಲ್ಲಿ ಕೂತು ಅವನ ಪೇಪರ್‌ಗಳನ್ನೆಲ್ಲ ನೋಡುತ್ತಿದ್ದಾಗ, "ಅಣ್ಣ, ನನ್ನ ಸಿಬಿಲ್ 790 ಇದೆ, ಅಲ್ಲಿ ಕಾರ್ ಲೋನಿಗೆ ತೊಂದರೆ ಆಗಲ್ಲ ಅಲ್ವಾ?" ಅಂತ ಕೇಳಿದ. ತೊಂದರೆ ಆಗುತ್ತದೆ. ಸಿಬಿಲ್ ಹೆಸರಿನ ಹಿಂದೆ ಇರುವ ಟ್ರಾನ್ಸ್‌ಯೂನಿಯನ್ ಅಲ್ಲಿಯೂ ಇದೆ. ಆದರೆ ಇಲ್ಲಿಯ ಲೆಕ್ಕ ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ನಮ್ಮೂರ ಸೊಸೈಟಿಯಲ್ಲಿ ನಿಮ್ಮ ತೋಟ ಎಲ್ಲಿದೆ, ನಿಮ್ಮ ಅಜ್ಜ ಸಾಲ ಹೇಗೆ ತೀರಿಸುತ್ತಿದ್ದರು ಅನ್ನುವುದು ಎಲ್ಲರಿಗೂ ಗೊತ್ತು. ಕಾಫಿ ಮಾರಿದ ಮೇಲೆ ವರ್ಷಕ್ಕೊಮ್ಮೆ ಕಟ್ಟಿದರೆ ಸಾಕು. ಅಲ್ಲಿ ಹಾಗಲ್ಲ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅಂತ ಮೂರು ಕಂಪನಿಗಳು ನಿಮ್ಮ ಹೆಸರಿನಲ್ಲಿ ಒಂದೊಂದು ಕಡತ ಇಟ್ಟುಕೊಂಡಿರುತ್ತವೆ. ಬ್ಯಾಂಕುಗಳು ತಿಂಗಳಿಗೊಮ್ಮೆ ಅದರಲ್ಲಿ ಲೆಕ್ಕ ಬರೆಯುತ್ತವೆ. ಹೊಸಬರಿಗೆ ಆ ಕಡತವೇ ಇರುವುದಿಲ್ಲ. ನಮ್ಮ ಸಿಬಿಲ್ ಸ್ಕೋರಿನ ಹಾಗೆ ಅಲ್ಲಿ ನೋಡುವ ಫೈಕೋ ಸ್ಕೋರ್ ಹುಟ್ಟಬೇಕಾದರೆ ಒಂದು ಖಾತೆಗಾದರೂ ಆರು ತಿಂಗಳು ತುಂಬಿರಬೇಕು. ಹಾಗಾಗಿ ಅಲ್ಲಿಯ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೈಗೆ ಬಂದ ವಾರವೇ ಶುರು ಮಾಡಿ.

ಶುರು ಮಾಡಲು ಸುಲಭದ ದಾರಿ ಸೆಕ್ಯೂರ್ಡ್ ಕಾರ್ಡ್. ನೀವು 300 ಡಾಲರ್ ಠೇವಣಿ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಮಿತಿಯ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ. ಬಾಕಿ ಇಲ್ಲದೆ ಕಾರ್ಡ್ ಮುಚ್ಚಿದರೆ ಠೇವಣಿ ವಾಪಸ್ ಬರುತ್ತದೆ. ತೆಗೆದುಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಮೂರೂ ಕಂಪನಿಗಳಿಗೆ ಲೆಕ್ಕ ಕಳಿಸುತ್ತೀರಾ? ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದರೂ ಈ ಕಡತಕ್ಕೆ ಏನೂ ಸೇರುವುದಿಲ್ಲ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ನನ್ನದೂ 300 ಡಾಲರ್ ಮಿತಿಯ ಕಾರ್ಡೇ. ದಿನಸಿ, ಪೆಟ್ರೋಲು, ಫೋನ್ ಬಿಲ್ ಎಲ್ಲ ಸೇರಿ ತಿಂಗಳಿಗೆ 270 ಡಾಲರ್ ಆಗುತ್ತಿತ್ತು. ಒಂದು ತಿಂಗಳೂ ತಪ್ಪದೆ ಕೊನೇ ದಿನದೊಳಗೆ ಪೂರ್ತಿ ಕಟ್ಟಿದೆ. ಏಳು ತಿಂಗಳಾದ ಮೇಲೆ ಠೇವಣಿ ಬೇಡದ ಕಾರ್ಡಿಗೆ ಅರ್ಜಿ ಹಾಕಿದರೆ ಆಗಲ್ಲ ಅಂದುಬಿಟ್ಟರು. ಅರ್ಜಿ ತಿರಸ್ಕರಿಸಿದರೆ ಕಾರಣ ತಿಳಿಸಬೇಕು ಅಂತ ಅಲ್ಲಿ ಕಾನೂನೇ ಇದೆ, ಆ ಪತ್ರವನ್ನು ಎಸೆಯಬೇಡಿ, ಏನು ಸರಿಮಾಡಬೇಕು ಅನ್ನುವುದು ಅದರಲ್ಲೇ ಇರುತ್ತದೆ. ನನ್ನ ಪತ್ರದಲ್ಲಿ ಇದ್ದದ್ದು ಇಷ್ಟು: ಮಿತಿಗೆ ಹೋಲಿಸಿದರೆ ಬಾಕಿ ಜಾಸ್ತಿ.

ಪೂರ್ತಿ ಕಟ್ಟಿದವನಿಗೆ ಬಾಕಿ ಎಲ್ಲಿಂದ ಬಂತು? ನನ್ನ ಸ್ಟೇಟ್‌ಮೆಂಟ್ ಮಾರ್ಚ್ 12ಕ್ಕೆ ತಯಾರಾಗುತ್ತಿತ್ತು, ಹಣ ಕಟ್ಟಲು ಏಪ್ರಿಲ್ 6ರವರೆಗೆ ಸಮಯ ಇತ್ತು. ಕಡತಕ್ಕೆ ಸಾಮಾನ್ಯವಾಗಿ ಹೋಗುವುದು ಸ್ಟೇಟ್‌ಮೆಂಟ್ ತಯಾರಾದ ದಿನದ ಬಾಕಿ. ನಾನು ಆಮೇಲೆ ಕಟ್ಟಿದ್ದು ಅಲ್ಲಿ ಕಾಣಲೇ ಇಲ್ಲ. 300ರಲ್ಲಿ 270, ಅಂದರೆ ನೂರಕ್ಕೆ 90. ನೋಡಿದವರಿಗೆ ಇವನು ಪ್ರತಿ ತಿಂಗಳೂ ಕೈ ಖಾಲಿ ಮಾಡಿಕೊಂಡಿರುವವನು ಅಂತಲೇ ಅನಿಸುತ್ತದೆ.

ಮುಂದಿನ ತಿಂಗಳಿಂದ 9ನೇ ತಾರೀಖಿಗೇ 250 ಡಾಲರ್ ಕಟ್ಟಿಬಿಟ್ಟೆ, ಯಾಕಂದರೆ ಹಣ ಜಮಾ ಆಗಲು ಒಂದೆರಡು ದಿನ ಬೇಕು. 12ಕ್ಕೆ ಉಳಿದದ್ದು 20 ಡಾಲರ್, ಅಂದರೆ ನೂರಕ್ಕೆ ಸುಮಾರು 7. ಆ 20 ಡಾಲರನ್ನು ಮೇ 6ರೊಳಗೆ ಕಟ್ಟಿದೆ, ಬಡ್ಡಿ ಒಂದು ಸೆಂಟೂ ಬೀಳಲಿಲ್ಲ. ಸ್ಕೋರ್ ಏರಬೇಕಾದರೆ ಸ್ವಲ್ಪ ಬಾಕಿ ಉಳಿಸಿ ಬಡ್ಡಿ ಕಟ್ಟಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸುಮ್ನೆ ದುಡ್ಡು ಹೋಗುತ್ತದೆ ಅಷ್ಟೇ.

ಈ ತಪ್ಪು ಸರಿಹೋಗುತ್ತದೆ, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬಾಕಿ ಇಳಿದರೆ ಸ್ಕೋರೂ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಕಂತು 30 ದಿನ ತಡವಾದರೆ ಆ ಕಲೆ ಏಳು ವರ್ಷ ಕಡತದಲ್ಲಿ ಉಳಿಯುತ್ತದೆ. ಅದಕ್ಕೇ ಸ್ಟೇಟ್‌ಮೆಂಟ್ ಬಾಕಿ ಪೂರ್ತಿ ತಾನಾಗಿ ಕಟ್ಟುವ ಹಾಗೆ ಆಟೋಪೇ ಹಾಕಿಡಿ. ಊರಿಗೆ ಬಂದಾಗ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ ವಾರಗಟ್ಟಲೆ ಕೂತದ್ದು ನಮಗೆಲ್ಲ ಗೊತ್ತೇ ಇದೆ.

ಇನ್ನೊಂದು ವಿಷಯ ಹೆಸರಿನದು. ನಮ್ಮಲ್ಲಿ ಮನೆಹೆಸರು ಮುಂದೆ, ಅಪ್ಪನ ಹೆಸರು ಇನಿಶಿಯಲ್ಲಿನಲ್ಲಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ FNU, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಬರುತ್ತದೆ. ಬ್ಯಾಂಕಿನಲ್ಲಿ ಒಂದು ರೀತಿ, ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇನ್ನೊಂದು ರೀತಿ ಬರೆಸಿದರೆ ಒಬ್ಬರಿಗೇ ಎರಡು ಕಡತ ಆಗುವುದುಂಟು. ಆಗ ಕಟ್ಟಿದ ಲೆಕ್ಕ ಅರ್ಧ ಅಲ್ಲಿ, ಅರ್ಧ ಇಲ್ಲಿ. ತಮ್ಮನಿಗೆ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅದೇ ಅಕ್ಷರ, ಅದೇ ಕ್ರಮ ಎಲ್ಲ ಕಡೆ ಬರೆಯಲು ಹೇಳಿದೆ. ಮೂರ್ನಾಲ್ಕು ತಿಂಗಳಾದ ಮೇಲೆ annualcreditreport.com ನಲ್ಲಿ ಮೂರೂ ಕಡತ ಪುಕ್ಕಟೆಯಾಗಿ ತೆಗೆದು, ಕಾರ್ಡ್ ಮೂರರಲ್ಲೂ ಇದೆಯಾ, ಹೆಸರು ಒಂದೇ ಇದೆಯಾ ಅಂತ ನೋಡಿ ನನಗೆ ಫೋನ್ ಮಾಡು ಅಂದಿದ್ದೇನೆ.