ತಿರಸ್ಕೃತ ಪ್ರಸ್ತಾವನೆ: ಸಮಿತಿಯ ಕೋಣೆಯಲ್ಲಿ ಎದ್ದ ಪ್ರಶ್ನೆ ತಿಳಿದುಕೊಂಡ ಬಗೆ

ಬಯಲುಸೀಮೆಯ ಹಳ್ಳಿಗಳಲ್ಲಿ ಕೆರೆ ಹೂಳೆತ್ತಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಪ್ರಸ್ತಾವನೆ ಬರೆಯುವ ಕೆಲಸ ನನ್ನದು. ಹಣಕ್ಕಾಗಿ ನಾವು ಹೆಚ್ಚಾಗಿ ಹೋಗುವುದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನೋಡಿಕೊಳ್ಳುವ ಸಿಎಸ್‌ಆರ್ ವಿಭಾಗಕ್ಕೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕೇಳುವವರು ಬಹಳ ಮಂದಿ, ಹಾಗಾಗಿ ಪ್ರಸ್ತಾವನೆ ವಾಪಸ್ ಬರುವುದು ಸಾಮಾನ್ಯ. ಬಂದಾಗ ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ಒಂದು ಕೆರೆಯ ಪ್ರಸಂಗದ ಮೂಲಕ ಹೇಳುತ್ತೇನೆ.

ಆ ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ. ಅಂದರೆ ಅದು ಪಂಚಾಯತಿ ವ್ಯಾಪ್ತಿಯದು, ಸಣ್ಣ ನೀರಾವರಿ ಇಲಾಖೆಯದಲ್ಲ. ಗ್ರಾಮ ಪಂಚಾಯತಿಯ ಠರಾವು ಕೈಯಲ್ಲಿತ್ತು. ಸುಮಾರು 12,000 ಘನ ಮೀಟರ್ ಹೂಳು ತೆಗೆಯುವ ಅಂದಾಜು. ಅಗೆದು ತುಂಬುವ ಯಂತ್ರದ ಖರ್ಚು ಘನ ಮೀಟರಿಗೆ 40 ರೂಪಾಯಿಯಂತೆ 4.8 ಲಕ್ಷ. ಅದನ್ನು ಕಂಪನಿಯಿಂದ ಕೇಳಿದೆವು. ಹೂಳನ್ನು ತಮ್ಮ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಸಾಗಿಸುವ ಖರ್ಚು ರೈತರದೇ. ಬೇಸಿಗೆಯಲ್ಲಿ ಕಳಿಸಿದ ಪ್ರಸ್ತಾವನೆಗೆ ಮಳೆಗಾಲ ಶುರುವಾದ ಮೇಲೆ ಉತ್ತರ ಬಂತು: ‘ನಿಮ್ಮ ಯೋಜನೆ ಸದ್ಯ ನಮ್ಮ ಆದ್ಯತೆಗಳಿಗೆ ಹೊಂದುವುದಿಲ್ಲ.’

ಈ ವಾಕ್ಯವನ್ನು ನಾನು ಕಾರಣವೆಂದು ತೆಗೆದುಕೊಳ್ಳುವುದಿಲ್ಲ. ಎಲ್ಲರಿಗೂ ಹೋಗುವ ಪತ್ರ ಅದೇ. ಅದೇ ಕಂಪನಿ ಹಿಂದಿನ ವರ್ಷ ನೀರಿನ ಕೆಲಸಕ್ಕೆ ಹಣ ಕೊಟ್ಟಿದ್ದು ಅದರ ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧದಲ್ಲೇ ಇತ್ತು. ನೀರು ಆದ್ಯತೆಯಲ್ಲಿದ್ದೂ ನಮ್ಮ ಕಾಗದ ನಿಂತಿದ್ದರೆ ತೊಡಕು ಬೇರೆಲ್ಲೋ ಇರಬೇಕು. ಪ್ರತಿಕ್ರಿಯೆ ಕೇಳುವ ಮೊದಲು ಆ ಅನುಬಂಧ ಓದಿಕೊಳ್ಳುವುದು ನನ್ನ ರೂಢಿ. ಓದದೆ ಕೇಳಿದರೆ ಅವರು ಪತ್ರದ ಮಾತನ್ನೇ ಫೋನಿನಲ್ಲಿ ಇನ್ನೊಮ್ಮೆ ಹೇಳುತ್ತಾರೆ.

ಇನ್ನು ಯಾರನ್ನು ಕೇಳುವುದು? ಪತ್ರಕ್ಕೆ ಸಹಿ ಹಾಕಿದ ಮುಖ್ಯಸ್ಥರನ್ನಲ್ಲ. ಅವರು ನಮ್ಮ ಕಾಗದವನ್ನು ಪೂರ್ತಿ ಓದಿರುವ ಸಂಭವ ಕಡಿಮೆ. ಓದಿ, ಸಾರಾಂಶ ಮಾಡಿ, ಕಂಪನಿಯ ಸಿಎಸ್‌ಆರ್ ಸಮಿತಿಯ ಮುಂದೆ ಇಟ್ಟವರು ಕಾರ್ಯಕ್ರಮ ನೋಡಿಕೊಳ್ಳುವ ಅಧಿಕಾರಿ. ಬೇಡವೆಂದು ತೀರ್ಮಾನಿಸಿದವರು ಅವರಲ್ಲ. ನಮ್ಮ ಪರವಾಗಿ ಆ ಕೋಣೆಯೊಳಗೆ ಕೂತಿದ್ದವರು ಅವರು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ‘ಯಾಕೆ ತಿರಸ್ಕರಿಸಿದಿರಿ’ ಎಂದರೆ ಅವರು ಕಂಪನಿಯನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ‘ನಮ್ಮ ಕಾಗದ ಹೇಗಿತ್ತು’ ಎಂದರೆ ಸೌಜನ್ಯಕ್ಕೆ ಚೆನ್ನಾಗಿತ್ತು ಅನ್ನುತ್ತಾರೆ. ನಾನು ಕೇಳುವುದು ಒಂದನ್ನೇ: ಸಮಿತಿಯಲ್ಲಿ ಯಾವ ಪ್ರಶ್ನೆ ಬಂದಾಗ ನಮ್ಮ ಕಾಗದದಲ್ಲಿ ನಿಮಗೆ ಉತ್ತರ ಸಿಗಲಿಲ್ಲ?

ಪತ್ರ ಬಂದ ದಿನವೇ ಬರೆಯಲಿಲ್ಲ. ಅಂಥ ದಿನ ಬರೆದ ಮೇಲ್‌ನಲ್ಲಿ ಬೇಸರ ಹೇಗಾದರೂ ಇಣುಕುತ್ತದೆ. ಹಾಗೆಂದು ತಿಂಗಳುಗಟ್ಟಲೆ ಬಿಟ್ಟರೆ ಅವರಿಗೆ ಸಭೆಯ ಮಾತು ಮರೆತಿರುತ್ತದೆ. ವಾರ ಕಳೆದ ಮೇಲೆ ಹೀಗೆ ಬರೆದೆ:

‘ಮೇಡಂ, ನಮ್ಮ ಪ್ರಸ್ತಾವನೆಯನ್ನು ಸಮಿತಿಯವರೆಗೆ ಒಯ್ದದ್ದಕ್ಕೆ ವಂದನೆಗಳು. ನಿರ್ಧಾರವನ್ನು ಮರುಪರಿಶೀಲಿಸಿ ಎಂದು ಕೇಳುತ್ತಿಲ್ಲ. ಚರ್ಚೆಯಲ್ಲಿ ಬಂದ ಯಾವ ಪ್ರಶ್ನೆಗೆ ನಮ್ಮ ಕಾಗದದಲ್ಲಿ ಉತ್ತರ ಇರಲಿಲ್ಲ ಎಂಬುದು ಗೊತ್ತಾದರೆ ಮುಂದಿನದನ್ನು ಸರಿಯಾಗಿ ಬರೆಯಲು ಅನುಕೂಲ. ಬರೆಯಲು ಕಷ್ಟವಾದರೆ ನಿಮಗೆ ಬಿಡುವಾದಾಗ ಹತ್ತು ನಿಮಿಷ ಫೋನಿನಲ್ಲಿ ಹೇಳಿದರೂ ಸಾಕು.’

ಮರುಪರಿಶೀಲನೆ ಕೇಳುತ್ತಿಲ್ಲ ಎಂಬ ಮಾತು ಮುಖ್ಯ, ಮತ್ತು ಅದು ನಿಜವಾಗಿರಬೇಕು. ಫೋನಿನ ದಾರಿ ಬಿಟ್ಟದ್ದೂ ಬೇಕೆಂದೇ. ಕಂಪನಿಯ ಒಳಗಿನ ಚರ್ಚೆಯನ್ನು ಹೊರಗಿನವರಿಗೆ ಬರಹದಲ್ಲಿ ಕೊಡಲು ಯಾರಾದರೂ ಹಿಂದೆಮುಂದೆ ನೋಡುತ್ತಾರೆ.

ಅವರು ಫೋನ್ ಮಾಡಿದರು. ಮೊದಲಿಗೆ ಬಂದದ್ದು ‘ಈ ಸಲ ತುಂಬಾ ಪ್ರಸ್ತಾವನೆಗಳಿದ್ದವು’ ಎಂಬ ಮಾತು. ನಾನು ಸುಮ್ಮನೆ ಕೇಳಿಸಿಕೊಂಡು, ‘ಹೌದು ಮೇಡಂ. ನಮ್ಮದು ಬಂದಾಗ ಮೊದಲು ಮಾತಾಡಿದವರು ಯಾರ ಕಡೆಯವರು, ಫೈನಾನ್ಸಾ?’ ಎಂದೆ. ಅಲ್ಲಿಂದ ಮಾತು ಬಿಚ್ಚಿತು. ‘ಫೈನಾನ್ಸ್‌ನವರೇ. ಈ ದುಡ್ಡು ಮಾರ್ಚ್ 31ರೊಳಗೆ ಖರ್ಚಾಗುತ್ತಾ ಅಂತ ಕೇಳಿದರು. ನಿಮ್ಮ ವೇಳಾಪಟ್ಟಿಯಲ್ಲಿ ಫೆಬ್ರವರಿಯಿಂದ ಮೇ ಅಂತಿದೆ.’

ಎಡವಟ್ಟು ಇದ್ದದ್ದು ಇಲ್ಲೇ. ಕೆರೆಯಲ್ಲಿ ನೀರು ಇಳಿದು, ತಳ ಒಣಗಿ, ಯಂತ್ರ ಹೂತುಹೋಗದಂತೆ ಗಟ್ಟಿಯಾಗುವುದು ಬೇಸಿಗೆಯಲ್ಲಿ. ಕಂಪನಿಯ ವರ್ಷ ಮುಗಿಯುವುದು ಅದರ ನಡುವೆ. ಖರ್ಚಾಗದ ಹಣ ವರ್ಷ ದಾಟಿ ನಡೆಯುವ ‘ಮುಂದುವರಿಯುವ ಯೋಜನೆ’ಯದಾಗಿದ್ದರೆ ವರ್ಷ ಮುಗಿದ 30 ದಿನಗಳಲ್ಲಿ ಅದನ್ನು ಪ್ರತ್ಯೇಕ ಸಿಎಸ್‌ಆರ್ ಖಾತೆಗೆ ಹಾಕಿ ಆಮೇಲೆ ಬಳಸಬಹುದು. ಇಲ್ಲದಿದ್ದರೆ ಆರು ತಿಂಗಳೊಳಗೆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಹೇಳಿರುವ ನಿಧಿಗೆ ಹೋಗಬೇಕು, ಅಂದರೆ ಕಂಪನಿಯ ಕೈತಪ್ಪುತ್ತದೆ. ಹಣ ನೋಡುವವರು ಅಂಜಿದ್ದು ಸಹಜ. ಕೆರೆಯ ಬಗ್ಗೆ ಅವರಿಗೆ ಯಾವ ತಕರಾರೂ ಇರಲಿಲ್ಲ.

‘ಇನ್ನೇನಾದರೂ ಬಂತಾ ಮೇಡಂ?’ ಎಂದು ಕೇಳಿದೆ. ಈ ಎರಡನೇ ಕೇಳಿಕೆಯನ್ನು ನಾನು ಬಿಡುವುದೇ ಇಲ್ಲ, ಹೇಳಲು ಮುಜುಗರವಾದದ್ದು ಹೊರಬರುವುದು ಆಗಲೇ. ಸಮಿತಿಯ ಸದಸ್ಯರೊಬ್ಬರು ‘ಆ ಮಣ್ಣು ಇಟ್ಟಿಗೆ ಭಟ್ಟಿಗೆ ಹೋಗಲ್ಲ ಅಂತ ಏನು ಖಾತ್ರಿ?’ ಎಂದಿದ್ದರಂತೆ. ನನ್ನ ಬಾಯಿಗೆ ಉತ್ತರ ಬಂದೇಬಿಟ್ಟಿತ್ತು: ಕೆರೆ ಬಳಕೆದಾರರ ಸಂಘ ಪ್ರತಿ ಲೋಡಿಗೂ ಚೀಟಿ ಕೊಡುತ್ತದೆ. ಹೇಳಲಿಲ್ಲ. ಉತ್ತರ ಕೊಡಲು ಹೊರಟರೆ ಅದು ವಾದವಾಗುತ್ತದೆ, ಅವರು ಮುಂದಿನದನ್ನು ಹೇಳುವುದು ನಿಲ್ಲಿಸುತ್ತಾರೆ. ಬರೆದುಕೊಂಡು, ‘ಇದು ತುಂಬಾ ಉಪಯೋಗವಾಯ್ತು’ ಎಂದಷ್ಟೇ ಹೇಳಿದೆ.

ಆಮೇಲೆ ಕಾಗದದ ಎರಡು ಜಾಗ ಬದಲಾದವು. ವೇಳಾಪಟ್ಟಿಯಲ್ಲಿ ರೈತರ ಪಟ್ಟಿ, ಕೆರೆಯ ಅಳತೆ, ಒಪ್ಪಂದಗಳನ್ನು ಡಿಸೆಂಬರಿನೊಳಗೆ ಇಟ್ಟು, ಅಗೆತವನ್ನು ಎರಡು ಕಂತಾಗಿ ಒಡೆದೆ. ಮಾರ್ಚ್ 31ರವರೆಗಿನ ಖರ್ಚು ಎಷ್ಟು, ಉಳಿದದ್ದು ಎಷ್ಟು ಎಂದು ಬೇರೆಬೇರೆ ತೋರಿಸಿ, ಇದನ್ನು ಮುಂದುವರಿಯುವ ಯೋಜನೆಯಾಗಿ ಮಂಜೂರು ಮಾಡಬೇಕೆಂದು ಮೊದಲ ಪುಟದಲ್ಲೇ ಕೇಳಿದೆ. ಮಂಜೂರಾತಿಯ ಹೊತ್ತಿಗೇ ಹಾಗೆ ದಾಖಲಾದರೆ ಒಳ್ಳೆಯದು, ಕೊನೆಗೆ ನೋಡಿಕೊಳ್ಳೋಣ ಎಂದರೆ ತಕ್ಕ ಕಾರಣ ಕೊಟ್ಟು ಅವಧಿ ವಿಸ್ತರಿಸಲು ಕಂಪನಿಯ ಮಂಡಳಿ ಒಪ್ಪಬೇಕಾಗುತ್ತದೆ. ಬಜೆಟ್ಟಿನಲ್ಲಿ ರೈತರ ಪಾಲಿಗೆ ಒಂದು ಸಾಲು ಬಂತು. ಟ್ರೇಲರಿಗೆ ಸುಮಾರು 3 ಘನ ಮೀಟರ್ ಅಂದರೆ 4,000 ಲೋಡು, ಲೋಡಿಗೆ 300 ರೂಪಾಯಿ ಹಿಡಿದರೂ 12 ಲಕ್ಷ. ಕಂಪನಿ ಕೊಡುವುದಕ್ಕಿಂತ ರೈತರು ಹಾಕುವುದೇ ಎರಡೂವರೆ ಪಟ್ಟು. ಕಾಸು ಕೊಟ್ಟು ಮಣ್ಣು ಹೊತ್ತವನು ಅದನ್ನು ತನ್ನ ಹೊಲಕ್ಕೇ ಹಾಕುತ್ತಾನೆ ಎಂಬುದಕ್ಕೆ ಇದರಷ್ಟು ಬಲವಾದ ಸಾಕ್ಷಿ ಇನ್ನೊಂದಿಲ್ಲ. ಲೋಡು ಚೀಟಿಯ ಮಾದರಿ, ಸರ್ವೆ ನಂಬರ್ ಸಮೇತ ಹೊಲಗಳ ಪಟ್ಟಿ ಅದರ ಹಿಂದೆಯೇ ಸೇರಿದವು.

ಎಲ್ಲ ಪ್ರತಿಕ್ರಿಯೆಯೂ ಹೀಗೆ ಕಾಗದದಲ್ಲಿ ಸರಿಪಡಿಸುವಂಥದ್ದಲ್ಲ. ಇನ್ನೊಂದು ಕಂಪನಿಯ ಅಧಿಕಾರಿ ಅದೇ ಪ್ರಶ್ನೆಗೆ, ‘ಸರ್, ನಮ್ಮ ಕಾರ್ಖಾನೆ ಇರೋ ಜಿಲ್ಲೆ ಬಿಟ್ಟು ಹೊರಗೆ ಮಂಡಳಿ ಒಪ್ಪಲ್ಲ’ ಎಂದರು. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದು 135ನೇ ಸೆಕ್ಷನ್ನೇ ಹೇಳುತ್ತದೆ, ಹಾಗಾಗಿ ಅಲ್ಲಿ ನಾವು ಏನು ತಿದ್ದಿದರೂ ಪ್ರಯೋಜನವಿಲ್ಲ. ಆ ಕಂಪನಿಯನ್ನು ಪಟ್ಟಿಯಿಂದ ತೆಗೆದು, ಆ ಜಿಲ್ಲೆಯಲ್ಲಿ ಕೆಲಸ ಮಾಡುವ ಗೆಳೆಯರ ಸಂಸ್ಥೆಗೆ ಆ ಅಧಿಕಾರಿಯ ಒಪ್ಪಿಗೆ ಪಡೆದು ಪರಿಚಯ ಮಾಡಿಸಿದೆ. ಕೆಲವರು ಉತ್ತರಿಸುವುದೇ ಇಲ್ಲ. ಒಂದು ನೆನಪೋಲೆಯ ಮೇಲೆ ಎರಡನೆಯದನ್ನು ನಾನು ಬರೆಯುವುದಿಲ್ಲ.

ಫೋನ್ ಮಾಡಿದ ಮೇಡಂಗೆ ತಿದ್ದಿದ ಪ್ರಸ್ತಾವನೆಯನ್ನು ತಕ್ಷಣ ಕಳಿಸಲಿಲ್ಲ. ಮುಂದಿನ ವರ್ಷದ ಕಾರ್ಯಯೋಜನೆ ಅವರು ತಯಾರಿಸಲು ಕೂರುವುದು ಜನವರಿಯ ಹೊತ್ತಿಗೆ ಎಂದು ಅವರೇ ಹೇಳಿದ್ದರು. ಆಗ ಒಂದೇ ಪುಟ ಕಳಿಸಿದೆ: ಎಡಕ್ಕೆ ಸಮಿತಿಯ ಎರಡು ಪ್ರಶ್ನೆ, ಬಲಕ್ಕೆ ಅವುಗಳ ಉತ್ತರ ಹೊಸ ಕಾಗದದ ಯಾವ ಪುಟದಲ್ಲಿದೆ ಎಂಬ ವಿವರ. ಪೂರ್ತಿ ಪ್ರಸ್ತಾವನೆ ಕಳಿಸಿ ಎಂದು ಅವರಿಂದ ಮೇಲ್ ಬಂತು.