ಒಂದು ನೆರಳು, ಹತ್ತಾರು ಪ್ರಾಜೆಕ್ಟ್: ಮನೋನಕ್ಷೆ ಮತ್ತು ಪ್ರಶ್ನೆಗಳ ಸರಪಳಿಯ ನನ್ನ ಅನುಭವ

ವಿಜ್ಞಾನದ ಪ್ರಾಜೆಕ್ಟ್‌ಗೆ ನೀವೇ ಒಂದು ವಿಷಯ ಆರಿಸಿಕೊಂಡು ಬನ್ನಿ ಎಂದರೆ ಮಕ್ಕಳು ತರುವುದು ಹೆಚ್ಚಾಗಿ ಜ್ವಾಲಾಮುಖಿಯ ಮಾದರಿ, ಸೌರವ್ಯೂಹದ ಚಾರ್ಟ್, ಇಲ್ಲವೇ ಜಲಚಕ್ರದ ಚಿತ್ರ. ಅವರನ್ನು ದೂರಿ ಪ್ರಯೋಜನವಿಲ್ಲ. ಪ್ರಯೋಗ ಮಾಡುವುದನ್ನು ಕಲಿಸುತ್ತೇವೆ, ವರದಿ ಬರೆಯುವುದನ್ನು ಕಲಿಸುತ್ತೇವೆ. ವಿಷಯ ಹುಟ್ಟಿಸುವುದು ಹೇಗೆ ಎಂಬುದನ್ನು ಮಾತ್ರ ಮನೆಗೆಲಸಕ್ಕೆ ಬಿಟ್ಟುಬಿಡುತ್ತೇವೆ. ಹಾಗಾಗಿ ನಾನು ಆ ಕೆಲಸವನ್ನು ತರಗತಿಯೊಳಗೇ ಮಾಡಿಸುತ್ತೇನೆ. ಇಡೀ ತರಗತಿಗೆ ಒಂದೇ ವಿಷಯ, ಎರಡು ಅವಧಿಯ ಸಮಯ. ಎಂಟನೆಯ ತರಗತಿಯಲ್ಲಿ ‘ನೆರಳು’ ಎಂಬ ಒಂದೇ ಪದವಿಟ್ಟುಕೊಂಡು ಇದನ್ನು ಮಾಡಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಐದು ನಿಮಿಷ ಯಾರೂ ಮಾತಾಡುವಂತಿಲ್ಲ. ಪ್ರತಿಯೊಬ್ಬರ ಕೈಗೂ ಸಣ್ಣ ಚೀಟಿಗಳನ್ನು ಕೊಟ್ಟು, ನೆರಳು ಎಂದೊಡನೆ ನೆನಪಾದದ್ದನ್ನೆಲ್ಲ ಒಂದು ಚೀಟಿಗೆ ಒಂದರಂತೆ ಬರೆಯಲು ಹೇಳುತ್ತೇನೆ. ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್ 1950ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು, ಟೀಕೆ ಮಾಡದೆ, ತೋಚಿದ್ದನ್ನೆಲ್ಲ ಹೇಳುತ್ತಾ ಹೋಗುತ್ತಾರೆ. ಟೀಕೆ ಬೇಡ, ಸಂಖ್ಯೆ ಹೆಚ್ಚಲಿ ಎಂಬ ಅವನ ಎರಡು ನಿಯಮಗಳನ್ನು ನಾನೂ ಪಾಲಿಸುತ್ತೇನೆ. ಒಟ್ಟಿಗೆ ಕುಳಿತು ಹೇಳುವುದನ್ನು ಮಾತ್ರ ನಂತರಕ್ಕೆ ಇಟ್ಟುಕೊಳ್ಳುತ್ತೇನೆ. ಡೀಲ್ ಮತ್ತು ಸ್ಟ್ರೋಬೆ ಎಂಬ ಮನೋವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಂಪಿನಲ್ಲಿ ಕುಳಿತವರಿಗಿಂತ ಅಷ್ಟೇ ಮಂದಿ ಬೇರೆ ಬೇರೆಯಾಗಿ ಯೋಚಿಸಿದಾಗ ಒಟ್ಟಾರೆ ಹೆಚ್ಚು ವಿಚಾರಗಳು ಬಂದವು. ಮುಖ್ಯ ಕಾರಣ ಸರದಿ: ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ತಲೆಗೆ ಬಂದದ್ದು ಜಾರಿಹೋಗುತ್ತದೆ. ತರಗತಿಯಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ಮುಂದಿನ ಬೆಂಚಿನ ಒಬ್ಬಳು ‘ಗ್ರಹಣ’ ಎಂದು ಕೂಗಿದರೆ ಸಾಕು, ಮುಂದಿನ ಹತ್ತು ಉತ್ತರಗಳೂ ಆಕಾಶದಲ್ಲೇ ಸುತ್ತುತ್ತವೆ.

ಆ ಹೊತ್ತಿನಲ್ಲಿ ನಾನೂ ಬಾಯಿ ಮುಚ್ಚಿಕೊಂಡಿರುತ್ತೇನೆ. ಟೀಕೆ ಬೇಡ ಎಂಬುದು ಎಲ್ಲರಿಗೂ ಗೊತ್ತು. ಹೊಗಳಿಕೆಯೂ ತೀರ್ಪೇ ಎಂಬುದನ್ನು ಮರೆಯುತ್ತೇವೆ. ಒಂದು ಚೀಟಿಗೆ ‘ಭೇಷ್’ ಎಂದುಬಿಟ್ಟರೆ ಉಳಿದ ಮಕ್ಕಳು ನೆರಳಿನ ಬಗ್ಗೆ ಯೋಚಿಸುವುದನ್ನು ಬಿಟ್ಟು ಮೇಷ್ಟ್ರಿಗೆ ಏನು ಇಷ್ಟ ಎಂದು ಯೋಚಿಸತೊಡಗುತ್ತಾರೆ.

ಆಮೇಲೆ ನಾಲ್ಕು ನಾಲ್ಕು ಮಕ್ಕಳ ಗುಂಪು. ದೊಡ್ಡ ಹಾಳೆಯನ್ನು ಅಡ್ಡಲಾಗಿಟ್ಟು ನಡುವೆ ‘ನೆರಳು’ ಎಂದು ಬರೆದು, ಚೀಟಿಗಳನ್ನು ಸುತ್ತ ಹರಡುತ್ತಾರೆ. ಹತ್ತಿರದವು ಯಾವುವು ಎಂದು ತಾವೇ ಜೋಡಿಸಿ, ಪ್ರತಿ ಜೋಡಣೆಗೂ ಒಂದು ಹೆಸರು ಕೊಟ್ಟಾಗ ಅದು ಮನೋನಕ್ಷೆಯ ಮೊದಲ ಸುತ್ತಿನ ಕೊಂಬೆಯಾಗುತ್ತದೆ, ಅದರಡಿಯ ಒಂದೊಂದು ಚೀಟಿಯೂ ಎಲೆಯಾಗುತ್ತದೆ. ಕೊಂಬೆಗಳನ್ನು ಮೊದಲು ಬರೆದು ಆಮೇಲೆ ತುಂಬಿಸುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಕೊಂಬೆಗಳೆಲ್ಲ ಪಠ್ಯಪುಸ್ತಕದ ಅಧ್ಯಾಯಗಳ ಹೆಸರನ್ನೇ ಹೊತ್ತುಕೊಂಡು ಬರುತ್ತವೆ: ಬೆಳಕು, ಗ್ರಹಣ, ಪಾರದರ್ಶಕ ವಸ್ತುಗಳು. ಚೀಟಿಯಿಂದ ಶುರು ಮಾಡಿದ ಗುಂಪುಗಳಲ್ಲಿ ‘ತಂಪು’, ‘ಹೊತ್ತು’, ‘ಹೆದರಿಕೆ’, ‘ಆಟ’, ‘ಗಿಡ’, ‘ಅಂಚು’ ಎಂಬ ಕೊಂಬೆಗಳು ಬಂದವು. ‘ಹೆದರಿಕೆ’ ಯಾವ ಅಧ್ಯಾಯದಲ್ಲೂ ಇಲ್ಲ. ಆದರೆ ಒಂದೇ ಕೈಯ ನೆರಳು ಗೋಡೆಯ ಮೇಲೆ ದೈತ್ಯನಂತೆ ಕಾಣುವುದು ದೀಪ ಎಷ್ಟು ಹತ್ತಿರ ಬಂದಾಗ ಎಂಬ ಅಳತೆಯ ಪ್ರಾಜೆಕ್ಟ್ ಹುಟ್ಟಿದ್ದು ಅದೇ ಕೊಂಬೆಯಲ್ಲಿ.

ನಕ್ಷೆ ದಾರಿ ತಪ್ಪಿದ್ದು ನೋಡಿದ ಕೂಡಲೇ ತಿಳಿಯುತ್ತದೆ. ಎಲ್ಲ ಕೊಂಬೆಗಳಲ್ಲೂ ಸರಿಯಾಗಿ ಮೂರು ಮೂರು ಎಲೆಗಳಿದ್ದರೆ ಮಕ್ಕಳು ಯೋಚಿಸುತ್ತಿಲ್ಲ, ಅಂದವಾಗಿ ತುಂಬಿಸುತ್ತಿದ್ದಾರೆ. ನಿಜವಾಗಿ ಯೋಚಿಸಿದ ನಕ್ಷೆ ವಕ್ರವಾಗಿರುತ್ತದೆ. ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು. ಬಣ್ಣದ ಪೆನ್ಸಿಲ್ ಬೇಗ ಹೊರಬಂದರೂ ಅದೇ ಲಕ್ಷಣ. ಅದನ್ನು ನಾನು ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಕೊಡುತ್ತೇನೆ, ಅದೂ ಒಂದೇ ಬಣ್ಣ. ಬೇರೆ ಬೇರೆ ಕೊಂಬೆಗಳ ಎರಡು ಎಲೆಗಳನ್ನು ಚುಕ್ಕಿಗೆರೆಯಿಂದ ಸೇರಿಸಿ, ಆ ಗೆರೆಯ ಮೇಲೆ ಒಂದು ಪ್ರಶ್ನೆ ಬರೆಯಬೇಕು. ಒಂದು ಗುಂಪು ‘ಗಿಡ’ ಮತ್ತು ‘ಹೊತ್ತು’ ಕೊಂಬೆಗಳ ಎಲೆಗಳನ್ನು ಸೇರಿಸಿ ಹೀಗೆ ಬರೆಯಿತು: ಗಿಡಕ್ಕೆ ಬೆಳಗಿನ ನೆರಳು ಒಳ್ಳೆಯದೋ ಮಧ್ಯಾಹ್ನದ ನೆರಳೋ? ಒಂದೇ ಅಳತೆಯ ಎರಡು ಕುಂಡ, ಒಂದೇ ಜಾತಿಯ ಗಿಡ, ಒಂದೇ ಪ್ರಮಾಣದ ನೀರು; ಒಂದಕ್ಕೆ ಬೆಳಗ್ಗೆ, ಇನ್ನೊಂದಕ್ಕೆ ಮಧ್ಯಾಹ್ನ ಅಷ್ಟೇ ಗಂಟೆ ನೆರಳು. ದಿನದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಕುಂಡಗಳನ್ನು ತೂಗಿದರೆ ಎಷ್ಟು ನೀರು ಆವಿಯಾಯಿತು ಎಂಬುದು ಸಿಗುತ್ತದೆ. ನೆರಳಿಗೆ ಹಿಡಿಯುವ ರಟ್ಟು ಗಿಡದಿಂದ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಅದು ಗಾಳಿಯನ್ನೂ ತಡೆದು ಫಲಿತಾಂಶ ಕೆಡಿಸುತ್ತದೆ.

ಆದರೂ ನಕ್ಷೆ ಕೊಡುವುದು ಬಹುಪಾಲು ನಾಮಪದಗಳನ್ನು. ಅದರಲ್ಲಿ ಅರವತ್ತು ಪದಗಳಿದ್ದರೂ ಮಾಡಬಹುದಾದ ಪ್ರಾಜೆಕ್ಟ್ ಐದಾರಕ್ಕಿಂತ ಹೆಚ್ಚಿರುವುದಿಲ್ಲ. ಉಳಿದ ಪದಗಳನ್ನು ಅರಳಿಸುವ ಕೆಲಸ ಪ್ರಶ್ನೆಗಳ ಸರಪಳಿಯದು, ಅದಕ್ಕೇ ಎರಡನೆಯ ಅವಧಿ.

ಸರಪಳಿಯ ನಿಯಮ ಸರಳ. ಒಂದು ಎಲೆಯನ್ನು ಆರಿಸಿ ಒಂದು ಪ್ರಶ್ನೆ ಬರೆಯಬೇಕು. ಮುಂದಿನ ಮಗು ಅದಕ್ಕೆ ಉತ್ತರ ಹೇಳದೆ, ಅದರಿಂದಲೇ ಹುಟ್ಟುವ ಇನ್ನೊಂದು ಪ್ರಶ್ನೆ ಬರೆಯಬೇಕು. ಉತ್ತರ ಕೊಡುವ ಚಪಲವನ್ನು ತಡೆಯುವುದೇ ಕಷ್ಟದ ಭಾಗ, ಬುದ್ಧಿವಂತ ಮಕ್ಕಳಿಗೆ ಇನ್ನೂ ಕಷ್ಟ. ‘ಅಂಚು’ ಕೊಂಬೆಯ ಒಂದು ಎಲೆಯಲ್ಲಿ ಮೊದಲ ಪ್ರಶ್ನೆ ‘ನೆರಳಿನ ಅಂಚು ಏಕೆ ಮಸುಕಾಗಿರುತ್ತದೆ?’ ಎಂದಿತ್ತು. ಒಬ್ಬ ಹುಡುಗ ಕೂಡಲೇ ಎದ್ದುನಿಂತ.

“ಸರ್, ಸೂರ್ಯ ಚುಕ್ಕಿಯಲ್ಲ, ದೊಡ್ಡದು. ಅದಕ್ಕೇ.”

“ಸರಿ, ಈಗ ಪ್ರಶ್ನೆ ಬರೆ.”

“ಉತ್ತರ ಗೊತ್ತಾಯಿತಲ್ಲ ಸರ್?”

“ಯಾವಾಗಲೂ ಅಷ್ಟೇ ಮಸುಕಾಗಿರುತ್ತದೆಯೇ?”

ಅವನು ತನ್ನ ಅಳತೆಪಟ್ಟಿಯನ್ನು ಕಿಟಕಿಯ ಬಿಸಿಲಿನಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿದ. ಅಲ್ಲಿಂದ ಸರಪಳಿ ತಾನೇ ಉದ್ದವಾಯಿತು. ಪಟ್ಟಿ ನೆಲಕ್ಕೆ ಹತ್ತಿರವಿದ್ದಾಗ ಅಂಚು ಚೂಪಾಗುವುದೇಕೆ? ದೂರ ಹೋದಂತೆ ಮಸುಕು ಎಷ್ಟು ಹಿಗ್ಗುತ್ತದೆ? ದೂರ ಎರಡರಷ್ಟಾದರೆ ಮಸುಕೂ ಎರಡರಷ್ಟಾಗುತ್ತದೆಯೇ? ಸೂರ್ಯನ ಬದಲು ಟಾರ್ಚ್ ಇಟ್ಟರೆ? ಟಾರ್ಚಿನ ಮುಖಕ್ಕೆ ಸಣ್ಣ ತೂತಿನ ಕಾಗದ ಅಂಟಿಸಿದರೆ? ನೆರಳಿನಿಂದ ಹೊತ್ತು ನೋಡಲು ಕಂಬ ನೆಟ್ಟರೆ, ಕಂಬ ಎತ್ತರವಾದಷ್ಟೂ ತುದಿ ಮಸುಕಾಗುವುದಿಲ್ಲವೇ? ಹಾಗಾದರೆ ಎಷ್ಟು ಎತ್ತರದ ಕಂಬ ಒಳ್ಳೆಯದು?

ಇದರಲ್ಲಿ ಮೊದಲಿನ ‘ಏಕೆ’ ಪ್ರಾಜೆಕ್ಟ್ ಕೊಡಲಿಲ್ಲ ಎಂಬುದನ್ನು ಗಮನಿಸಿ. ‘ಏಕೆ’ ಸಾಮಾನ್ಯವಾಗಿ ಪುಸ್ತಕದತ್ತ ಎಳೆದು, ಎರಡು ಹೆಜ್ಜೆಯಲ್ಲಿ ‘ಬೆಳಕು ನೇರವಾಗಿ ಚಲಿಸುತ್ತದೆ’ ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ. ‘ಯಾವಾಗಲೂ ಹೀಗೆಯೇ?’, ‘ಎಷ್ಟು?’, ‘ಇದನ್ನು ಬದಲಿಸಿದರೆ?’ ಎಂಬ ಮೂರು ಪ್ರಶ್ನೆಗಳು ಮಕ್ಕಳನ್ನು ಬಿಸಿಲಿಗೆ ಕಳಿಸುತ್ತವೆ. ಅದಕ್ಕೇ ಈ ಮೂರನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಡುತ್ತೇನೆ, ಸರಪಳಿ ನಿಂತಾಗ ನೋಡಿಕೊಳ್ಳಲಿ ಎಂದು. ಏಳೆಂಟು ಕೊಂಡಿ ದಾಟಿದ ಮೇಲೆ ಸರಪಳಿ ಹೆಚ್ಚಾಗಿ ವೇದಾಂತಕ್ಕೆ ಇಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಬೇರೆ ಎಲೆ ಹಿಡಿಯುವುದು ಮೇಲು.

ಆ ಹುಡುಗನ ಗುಂಪು ಆರಿಸಿಕೊಂಡದ್ದು ‘ಎಷ್ಟು ಹಿಗ್ಗುತ್ತದೆ’ ಎಂಬುದನ್ನು. ನಮ್ಮ ಕಣ್ಣಿಗೆ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ಸೂರ್ಯನಿಗೆ ನೇರ ಮುಖ ಮಾಡಿ ಹಿಡಿದ ಬಿಳಿ ಹಾಳೆಯ ಮೇಲೆ, ಪಟ್ಟಿ 10 ಸೆಂಟಿಮೀಟರ್ ದೂರವಿದ್ದರೆ ಮಸುಕಿನ ಅಗಲ ಸುಮಾರು 1 ಮಿಲಿಮೀಟರ್, 1 ಮೀಟರ್ ದೂರವಿದ್ದರೆ ಸುಮಾರು 9 ಮಿಲಿಮೀಟರ್, 2 ಮೀಟರ್‌ಗೆ ಅದರ ಎರಡರಷ್ಟು ಬರಬೇಕು. ಮಕ್ಕಳ ಅಳತೆ ಇದಕ್ಕಿಂತ ಕಡಿಮೆ ಬಂದರೆ ಗಾಬರಿಯಾಗಬೇಕಿಲ್ಲ. ಮಸುಕಿನ ಎರಡೂ ಬದಿಗಳು ಮೆಲ್ಲಗೆ ಕರಗುವುದರಿಂದ ಕಣ್ಣು ಅದರ ಕೊನೆಯನ್ನು ಒಳಗೇ ಗುರುತಿಸುತ್ತದೆ. ಎಲ್ಲ ಅಳತೆಯನ್ನೂ ಒಬ್ಬರೇ ತೆಗೆದರೆ ಏರಿಕೆಯ ಕ್ರಮ ಸರಿಯಾಗಿಯೇ ಕಾಣುತ್ತದೆ. ಹಾಳೆಯನ್ನು ನೆಲದ ಮೇಲೆ ಮಲಗಿಸಿ, ಸಂಜೆಯ ಓರೆ ಬಿಸಿಲಿನಲ್ಲಿ ಅಳೆದರೆ ಮಾತ್ರ ಲೆಕ್ಕವೇ ತಪ್ಪುತ್ತದೆ.

ಹುಟ್ಟಿದ ಪ್ರಶ್ನೆಗಳನ್ನೆಲ್ಲ ಕೊನೆಗೆ ಒಂದು ಜರಡಿಯಲ್ಲಿ ಹಾಯಿಸುತ್ತೇವೆ. ಹಾಳೆಯಲ್ಲಿ ನಾಲ್ಕು ಅಂಕಣ: ಕೈಗೆ ಸಿಗುವ ವಸ್ತುಗಳು ಯಾವುವು, ಅವು ಏನು ಮಾಡುತ್ತವೆ, ನಾನು ಏನನ್ನು ಬದಲಿಸಬಲ್ಲೆ, ಅದರ ಪರಿಣಾಮವನ್ನು ಹೇಗೆ ಅಳೆಯಬಲ್ಲೆ. ಮೂರನೆಯ ಅಂಕಣದಲ್ಲಿ ಹಲವು ವಿಷಯಗಳು ಸಿಕ್ಕರೆ ಒಂದೊಂದೂ ಒಂದು ಪ್ರಾಜೆಕ್ಟ್. ಅಂಚಿನ ಸಾಲಿನಲ್ಲಿ ದೂರ, ದೀಪದ ಗಾತ್ರ, ಪರದೆಯ ಓರೆ ಎಂಬ ಮೂರು ಸಿಕ್ಕವು. ನಾಲ್ಕನೆಯ ಅಂಕಣ ಖಾಲಿ ಉಳಿದರೆ ಆ ಪ್ರಶ್ನೆಯನ್ನು ಅಳಿಸುವುದಿಲ್ಲ, ಪಕ್ಕಕ್ಕಿಡುತ್ತೇವೆ. ಅಳತೆಯ ದಾರಿ ಬೇರೆ ಗುಂಪಿಗೆ ಹೊಳೆದದ್ದುಂಟು.

‘ಗ್ರಹಣ’ ಪ್ರತಿ ಸಲವೂ ಮೂರನೆಯ ಅಂಕಣದಲ್ಲಿ ಸಿಕ್ಕಿಬೀಳುತ್ತದೆ. ಎಲ್ಲರಿಗೂ ಬೇಕು, ಯಾರೂ ಏನನ್ನೂ ಬದಲಿಸಲಾರರು, ಕೊನೆಗೆ ಥರ್ಮೋಕೋಲ್ ಚೆಂಡುಗಳ ಮಾದರಿಯಾಗಿ ಮುಗಿಯುತ್ತದೆ. ಅಂಥ ಪದಕ್ಕೆ ನಾನು ಕೇಳಿಸುವ ಪ್ರಶ್ನೆ: ‘ಅಲ್ಲಿ ನಡೆಯುವುದು ಕೈಯಳತೆಯಲ್ಲಿ ಬೇರೆಲ್ಲಿ ನಡೆಯುತ್ತದೆ?’ ಚಿಕ್ಕದೊಂದು ವಸ್ತು ದೊಡ್ಡದನ್ನು ಪೂರ್ತಿ ಮುಚ್ಚುವುದು ಎಂದು ಒಬ್ಬಳು ಹೇಳಿದಳು. ಅದರಿಂದ ಹುಟ್ಟಿದ ಪ್ರಾಜೆಕ್ಟ್ ಹೀಗಿತ್ತು: ಬೇರೆ ಬೇರೆ ಅಗಲದ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ, ಹುಣ್ಣಿಮೆಯ ಚಂದ್ರನನ್ನು ಒಂದೊಂದೂ ಎಷ್ಟು ದೂರದಲ್ಲಿ ಸರಿಯಾಗಿ ಮುಚ್ಚುತ್ತದೆ ಎಂದು ಅಳೆಯುವುದು. 1 ಸೆಂಟಿಮೀಟರ್ ಬಿಲ್ಲೆಗೆ ಸುಮಾರು 110 ಸೆಂಟಿಮೀಟರ್ ದೂರ ಬೇಕು, ಅರ್ಧ ಸೆಂಟಿಮೀಟರ್ ಬಿಲ್ಲೆಗೆ ಅದರ ಅರ್ಧ. ಇದು ಚಂದ್ರನಿಗೆ ಮಾತ್ರ. ಸೂರ್ಯನನ್ನು ಯಾವ ಬಿಲ್ಲೆಯ ಅಂಚಿನಿಂದಲೂ ನೋಡಬಾರದು ಎಂಬುದನ್ನು ಪ್ರಾಜೆಕ್ಟ್ ಹಾಳೆಯ ಮೊದಲ ಸಾಲಿನಲ್ಲೇ ಬರೆಸಿದೆ.

ಎರಡು ಗುಂಪುಗಳು ವರದಿ ಓದಿದಾಗ ತಮಾಷೆಯೊಂದು ನಡೆಯಿತು. ಅಂಚಿನ ಗುಂಪಿನ ಲೆಕ್ಕದಂತೆ ಮಸುಕು 1 ಸೆಂಟಿಮೀಟರ್ ಆಗಲು ಪಟ್ಟಿ ಸುಮಾರು 110 ಸೆಂಟಿಮೀಟರ್ ದೂರವಿರಬೇಕಿತ್ತು. ಚಂದ್ರನ ಗುಂಪಿನಲ್ಲೂ ಅದೇ ಸಂಖ್ಯೆ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದಿದ್ದಾರೆ ಎಂದು ಸ್ವಲ್ಪ ಹೊತ್ತು ಜಗಳವೇ ಆಯಿತು. ಆಕಾಶದಲ್ಲಿ ಸೂರ್ಯನೂ ಚಂದ್ರನೂ ನಮಗೆ ಹೆಚ್ಚುಕಡಿಮೆ ಒಂದೇ ಅಗಲವಾಗಿ ಕಾಣುತ್ತಾರೆ, ಪೂರ್ಣ ಸೂರ್ಯಗ್ರಹಣ ಸಾಧ್ಯವಾಗುವುದೂ ಅದರಿಂದಲೇ ಎಂದು ವಿವರಿಸಿದ ಮೇಲೆ ಎರಡೂ ಗುಂಪುಗಳು ತಮ್ಮ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿ, ನಡುವೆ ಒಂದು ಚುಕ್ಕಿಗೆರೆ ಎಳೆದವು.